ತೆಲುಗಲ್ಲಿ ಬಂದ ಬೇಜಾರಿನ ಮೆಸೇಜು, ಕನ್ನಡದಲ್ಲಿ ನನ್ನ ಕ್ಷಮೆ: ಈ ಡ್ರಾಫ್ಟ್ ಕಳಿಸಲಾ, ಬೇಡವಾ?

ಮಲ್ಲಿಗೆಮೊಗ್ಗು

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಗೆಳತಿ ಹಿಂದೂಪುರದವಳು. ಬೆಂಗಳೂರಿನ ಪಿಜಿಯಲ್ಲಿ ನಾಲ್ಕು ವರ್ಷ ಒಂದೇ ರೂಮು. ಕನ್ನಡ ನನ್ನಷ್ಟೇ ಚೆನ್ನಾಗಿ ಮಾತಾಡುತ್ತಾಳೆ. ಓದೋದು ಬಸ್ ಬೋರ್ಡ್ ನೋಡಿ ನೋಡಿ ಕಲಿತಿದ್ದು, ನಿಧಾನ. ಬರೆಯೋದು ಕಮ್ಮಿ. ಇಷ್ಟು ದಿನ ಮೆಸೇಜ್ ಮಾಡಿದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

ಹೋದ ತಿಂಗಳು ತುಮಕೂರಿನಲ್ಲಿ ನನ್ನ ತಂಗಿ ಮದುವೆ. ಇವಳು ಮೂರು ದಿನ ರಜೆ ಹಾಕಿ ಬಂದಳು. ಹಿಂದಿನ ರಾತ್ರಿ ಎರಡು ಗಂಟೆವರೆಗೆ ನನ್ನ ಜೊತೆ ಕೂತು ತಾಂಬೂಲದ ಚೀಲ ತುಂಬಿದಳು. ಅವಳ ಅಮ್ಮ ಮೂರು ಸ್ಟೀಲ್ ಡಬ್ಬಿ ತುಂಬ ಅರಿಸೆಲು ಮಾಡಿ ಕಳಿಸಿದ್ದರು, ನಮ್ಮ ಕಜ್ಜಾಯವೇ. ಧಾರೆ ಮುಗಿದು ಫೋಟೋಗೆ ನಿಂತಾಗ ನಮ್ಮ ಸೋದರತ್ತೆ ಜೋರಾಗಿ, "ಮೊದಲು ಮನೆಯವರು, ಹೊರಗಿನವರು ಆಮೇಲೆ" ಅಂದರು. ಇವಳು ಸುಮ್ನೆ ಮಂಟಪದಿಂದ ಇಳಿದಳು. ನಾನು ಪಕ್ಕದಲ್ಲೇ ಇದ್ದೆ. ಏನೂ ಅನ್ನಲಿಲ್ಲ. "ಆಮೇಲೆ" ಅನ್ನೋದು ಬರಲೇ ಇಲ್ಲ, ಊಟದ ಗಲಾಟೆಯಲ್ಲಿ ಮರೆತೇ ಹೋಯಿತು. ಅವಳು ಸಂಜೆ ಬಸ್ ಹತ್ತಿದಳು. ಒಂಬತ್ತು ದಿನ ನಾನು ಫೋನ್ ಮಾಡಲಿಲ್ಲ.

ಹತ್ತನೇ ದಿನ ತೆಲುಗು ಲಿಪಿಯಲ್ಲಿ ಮೆಸೇಜು ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ. ಇಲ್ಲಿ ಕನ್ನಡ ಅಕ್ಷರಕ್ಕೆ ಇಳಿಸಿದ್ದೇನೆ:

"ಪೆಳ್ಳಿ ಬಾಗಾ ಜರಿಗಿಂದಿ, ಸಂತೋಷಂ. ಮೀ ಅವಸರಂ ತೀರಿಂದಿ ಕದಾ, ಇಂಕ ನೇನೆಂದುಕು ಗುರ್ತೊಸ್ತಾನು. ಮೀ ಅತ್ತ ಅನ್ನದಾನಿಕಿ ನಾಕು ಬಾಧ ಲೇದು. ನುವ್ವು ಊರಿಕೇ ನಿಲಬಡ್ಡಾವು, ಅದೇ ಬಾಧ. ನೇನು ಮನಂ ಅನುಕುನ್ನಾನು, ಮೀರು ಮೇಮು ಅನುಕುನ್ನಾರು. ಪರವಾಲೇದುಲೇ. ತೊಂದರೇಂ ಲೇದು, ನಾ ಡಬ್ಬಾಲು ಎಪ್ಪುಡೈನಾ ಪಂಪಿಂಚಂಡಿ."

ಲಿಪಿ ನಮ್ಮದರ ಹಾಗೇ ಇದೆ, ಕೂಡಿಸಿ ಕೂಡಿಸಿ ಓದಿದೆ. ಮದುವೆ ಚೆನ್ನಾಗಾಯಿತು, ಸಂತೋಷ, ಅವಸರ ತೀರಿತು, ಬಾಧೆ ಇಲ್ಲ, ಪರವಾಗಿಲ್ಲ, ತೊಂದರೆ ಏನಿಲ್ಲ, ಡಬ್ಬಿ ಕಳಿಸು. ಹೀಗೆ ಅರ್ಥ ಮಾಡಿಕೊಂಡು ಇದನ್ನು ಕಳಿಸಿಬಿಟ್ಟೆ: "ಹೂಂ ಕಣೇ, ಅವಸರ ಎಲ್ಲ ಮುಗೀತು, ಈಗ ಹಾಯಾಗಿದ್ದೀವಿ 😄 ತೊಂದರೆ ಇಲ್ಲ ಅಂದಿದ್ದಕ್ಕೆ ಥ್ಯಾಂಕ್ಸ್!"

ಅವಳು ಓದಿದಳು. ಉತ್ತರ ಇಲ್ಲ. ಎರಡು ದಿನ ಆದಮೇಲೆ ಯಾಕೋ ಅನುಮಾನ ಬಂದು ಫೋನಿನ ಅನುವಾದದ ಆಪ್‌ಗೆ ಹಾಕಿದೆ. ಆಗ ಎದೆ ಧಸಕ್ ಅಂದಿತು. ಆದರೆ ನಡುವೆ ಒಂದು ಸಾಲು ಹೀಗೆ ಬಂದಿದೆ: "ನಾನು ನಾವು ಎಂದು ಭಾವಿಸಿದೆ, ನೀವು ನಾವು ಎಂದು ಭಾವಿಸಿದಿರಿ." ತಲೆಬುಡ ಗೊತ್ತಾಗುತ್ತಿಲ್ಲ.

ನನ್ನ ಡ್ರಾಫ್ಟ್:

"ಆತ್ಮೀಯ ಗೆಳತಿ, ನಿನ್ನ ಸಂದೇಶವನ್ನು ಅನುವಾದ ಮಾಡಿ ಓದಿದೆ. ನನ್ನಿಂದ ನಿನಗೆ ನೋವಾಗಿದ್ದರೆ ಕ್ಷಮೆ ಯಾಚಿಸುತ್ತೇನೆ. ಮದುವೆ ಗಡಿಬಿಡಿಯಲ್ಲಿ ಏನೋ ಆಗಿಹೋಯಿತು. ನಮ್ಮ ಅತ್ತೆ ಸ್ವಭಾವವೇ ಹಾಗೆ, ನಿನಗೂ ಗೊತ್ತು. ನಮ್ಮ ಮನೆಯವರಿಗೆಲ್ಲ ನೀನು ಅಂದ್ರೆ ತುಂಬ ಇಷ್ಟ. ಡಬ್ಬಿಗಳನ್ನು ನಾಳೆಯೇ ಕೊರಿಯರ್ ಮಾಡುತ್ತೇನೆ."

ಕಳಿಸಲಾ?

ಬೆಂಗ್ಳೂರ್ ಮಾವ

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಮ್ಮ. ತೆಲುಗು, ಕನ್ನಡ, ತಮಿಳು ಎಲ್ಲ ಒಂದೇ ಬೇರು. ಅವಸರಂ ಅಂದರೆ ಅವಸರವೇ. ನಮ್ಮ ಆಫೀಸಿನ ತಮಿಳು ಹುಡುಗ ದಿನಾ "ಅವಸರಂ ಸಾರ್" ಅಂತ ಓಡಾಡುತ್ತಾನೆ. ನೀನು ಮೊದಲು ಓದಿದ್ದೇ ಸರಿ ಇರಬಹುದು, ಆಪ್ ತಪ್ಪಿರಬಹುದು.

ಪಾವಗಡದ ಮೇಷ್ಟ್ರು

ಮಾವನವರೇ, ತಮಿಳಿಗೆ ನಿಮ್ಮ ಮಾತು ಸರಿ. ಅಲ್ಲಿ ಅವಸರಂ ಅಂದರೆ ಅವಸರವೇ. ತೆಲುಗಿನಲ್ಲಿ ಹಾಗಲ್ಲ. ಅಲ್ಲಿ ಅವಸರಂ ಅಂದರೆ ಅಗತ್ಯ. ಅವಸರಕ್ಕೆ ಅವರು ಹೇಳೋದು ತೊಂದರ. ನಮ್ಮ ತೊಂದರೆಗೆ ಅವರಲ್ಲಿ ಇಬ್ಬಂದಿ, ಕಷ್ಟಂ ಅಂತೆಲ್ಲ ಬೇರೆ ಮಾತು. ಒಂದು ಪದ ಒಂದು ಮನೆ ಆಚೆ ಸರಿದು ಕೂತಿದೆ ಅಂದುಕೊಳ್ಳಿ. ನಮ್ಮ ಊರಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಮೂವತ್ತು ವರ್ಷ ಮಕ್ಕಳ ಕಾಪಿ ಪುಸ್ತಕದಲ್ಲಿ ಈ ಎರಡು ಪದ ತಿದ್ದಿದ್ದೇನೆ. "ಸರ್, ನೀರಿನ ಅವಸರ ಇದೆ" ಅಂತ ಬರೆಯುತ್ತಿದ್ದರು.

ಮಲ್ಲಿಗೆಮೊಗ್ಗು ಅವರೇ, ಹಾಗಾಗಿ ನಿಮ್ಮ ಗೆಳತಿ ಬರೆದಿದ್ದು ಇದು:

"ಮದುವೆ ಚೆನ್ನಾಗಿ ಆಯಿತು, ಸಂತೋಷ. ನಿಮ್ಮ ಕೆಲಸ ಆಯಿತಲ್ಲ, ಇನ್ನು ನಾನ್ಯಾಕೆ ನೆನಪಾಗುತ್ತೀನಿ. ನಿಮ್ಮತ್ತೆ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ನೀನು ಸುಮ್ನೆ ನಿಂತೆಯಲ್ಲ, ಅದೇ ಬೇಜಾರು."

ಅವಸರಂ ಅನ್ನೋದಕ್ಕೆ "ಅಗತ್ಯ" ಅಂತ ಹಾಕಿದರೆ ಅರ್ಥ ಬರುತ್ತೆ, ಚುಚ್ಚು ಬರಲ್ಲ. ಕನ್ನಡದಲ್ಲಿ ಆ ಚುಚ್ಚು ಇರೋದು "ಕೆಲಸ ಆಯಿತಲ್ಲ" ಅನ್ನೋದರಲ್ಲಿ. ಊರಿಕೇ ಅಂದರೆ ಸುಮ್ನೆ. ಊರಿಗೂ ಅದಕ್ಕೂ ಸಂಬಂಧ ಇಲ್ಲ.

ಈಗ ನಿಮ್ಮ ಉತ್ತರ ಅವಳ ಕಣ್ಣಲ್ಲಿ ಓದಿ. ಅವಳು "ನಿಮ್ಮ ಕೆಲಸ ಆಯಿತಲ್ಲ" ಅಂದಳು. ನೀವು "ಹೂಂ ಕಣೇ, ಎಲ್ಲ ಮುಗೀತು, ಹಾಯಾಗಿದ್ದೀವಿ" ಅಂದಿರಿ. ಅವಳಿಗೆ ಕನ್ನಡದ ಅವಸರ ಗೊತ್ತಿರಬಹುದು. ಆದರೆ ತೆಲುಗಲ್ಲಿ ಬರೆದು ತೆಲುಗಿನ ಗುಂಗಿನಲ್ಲೇ ಇದ್ದವಳಿಗೆ ಅದು ಯಾವ ಅವಸರವಾಗಿ ಕೇಳಿಸಿತೋ.

ಮಲ್ಲಿಗೆಮೊಗ್ಗು

ಅಯ್ಯೋ ದೇವರೇ. ಮೇಲೆ ನಗುವ ಮುಖ ಬೇರೆ ಹಾಕಿದ್ದೀನಿ.

ಮೇಷ್ಟ್ರೇ, ಆ "ನಾವು ನಾವು" ಸಾಲು?

ಪಾವಗಡದ ಮೇಷ್ಟ್ರು

ಅದೇ ಮುಖ್ಯವಾದ ಸಾಲು. ಅದನ್ನೇ ಆಪ್ ನುಂಗಿಬಿಟ್ಟಿದೆ.

ತೆಲುಗಿನಲ್ಲಿ "ನಾವು" ಅನ್ನೋದಕ್ಕೆ ಎರಡು ಪದ. ಕೇಳುವವರನ್ನೂ ಸೇರಿಸಿಕೊಂಡರೆ ಮನಂ. ಅವರನ್ನು ಬಿಟ್ಟು ಹೇಳಿದರೆ ಮೇಮು. ನಾನು ನಿಮಗೆ ಫೋನ್ ಮಾಡಿ "ಮನಂ ವೆಳ್ತಾಂ" ಅಂದರೆ ನೀವೂ ಹೊರಟಿರಿ ಅಂತ. "ಮೇಮು ವೆಳ್ತಾಂ" ಅಂದರೆ ನಾವು ಮನೆಯವರು ಹೋಗುತ್ತೀವಿ, ನೀವು ಇಲ್ಲ ಅಂತ. ಕ್ರಿಯಾಪದ ನೋಡಿ, ಎರಡಕ್ಕೂ ಒಂದೇ. ಎಲ್ಲ ಅರ್ಥ ಆ ಮೊದಲ ಪದದಲ್ಲೇ ಇದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಆ ಭೇದ ಇಲ್ಲ, ಹಾಗಾಗಿ ಆಪ್ ಎರಡನ್ನೂ "ನಾವು" ಅಂತ ಚಪ್ಪಟೆ ಮಾಡಿತು. ಬೇಕಿದ್ದರೆ ಆ ಎರಡು ಚಿಕ್ಕ ವಾಕ್ಯ ಹಾಕಿ ನೋಡಿ, ಎರಡಕ್ಕೂ "ನಾವು ಹೋಗುತ್ತೇವೆ" ಅಂತಲೇ ಬರುತ್ತೆ.

ಅವಳು ಹೇಳಿದ್ದು: ನನ್ನ ಲೆಕ್ಕದಲ್ಲಿ "ನಾವು" ಅಂದರೆ ನಾನೂ ನೀವೂ ಸೇರಿ. ನಿಮ್ಮ ಲೆಕ್ಕದಲ್ಲಿ "ನಾವು" ಅಂದರೆ ನನ್ನನ್ನು ಬಿಟ್ಟು.

ಇಷ್ಟನ್ನು ಅವಳು ಎರಡೇ ಪದದಲ್ಲಿ ಹೇಳಿದ್ದಾಳೆ. ಕನ್ನಡದಲ್ಲಿ ಬೈದಿದ್ದರೆ ಹೀಗೆ ಹೇಳೋಕೆ ಆಗುತ್ತಿರಲಿಲ್ಲ. ಬಹುಶಃ ಅದಕ್ಕೇ ತೆಲುಗಿಗೆ ಹೋದಳು.

ಕರಾವಳಿ ಹುಡುಗ

ತುಳುವಿನಲ್ಲೂ ಇದೇ ಇದೆ! ಸೇರಿಸಿಕೊಂಡರೆ ನಮ, ಬಿಟ್ಟರೆ ಎಂಕುಳು. ನನ್ನ ಹೆಂಡತಿ ಮೈಸೂರಿನವಳು. ಮದುವೆಯಾದ ಹೊಸತರಲ್ಲಿ ತುಳು ಕಲಿಯುತ್ತೇನೆ ಅಂತ ಹಠ. ಒಂದು ದಿನ ನನ್ನ ಅಮ್ಮನ ಎದುರು, ಎಲ್ಲರೂ ದೇವಸ್ಥಾನಕ್ಕೆ ಹೊರಟಾಗ, "ಎಂಕುಳು ಪೋಪ" ಅಂದಳು. ಅಮ್ಮ ಚಪ್ಪಲಿ ಹಾಕುತ್ತಿದ್ದವರು ಹಾಗೇ ಬಿಚ್ಚಿ ಒಳಗೆ ಹೋಗಿ ಕೂತರು. ಸೊಸೆ ತನ್ನನ್ನು ಬಿಟ್ಟು ಹೋಗುತ್ತಾಳೆ ಅಂತ. ಒಂದು ಗಂಟೆ ಸಮಾಧಾನ ಮಾಡಿದೆ. ಈಗಲೂ ಮನೆಯಲ್ಲಿ ಯಾರಾದರೂ ಮುನಿಸಿಕೊಂಡರೆ "ಎಂಕುಳು ಪೋಪ" ಅಂತ ರೇಗಿಸುತ್ತೇವೆ.

ಶಾಂತಲಾ ಕೆ

ನಿಮ್ಮ ಗೆಳತಿಗೆ ತೆಲುಗಲ್ಲಿ ಕಳಿಸಲು ಇದು ಸಾಕು ನೋಡಿ: "ನನ್ನು ಕ್ಷಮಿಂಚು, ತಪ್ಪು ನಾದೇ." ಚಿಕ್ಕದು, ಚೊಕ್ಕ.

ಮಲ್ಲಿಗೆಮೊಗ್ಗು

ಶಾಂತಲಾ ಅವರೇ, ತೆಲುಗಲ್ಲಿ ಅಲ್ಲ, ಕನ್ನಡದಲ್ಲೇ ಬರೆಯಬೇಕು ಅಂತಿದ್ದೀನಿ. ಬಾರದ ಭಾಷೆಯಲ್ಲಿ ಓದಿಯೇ ಈ ಅವಾಂತರ ಆಗಿದ್ದು. ಬರೆಯೋಕೆ ಹೋದರೆ ಇನ್ನೇನಾಗುತ್ತೋ!

ಅನಂತಪುರದ ಸೊಸೆ

ನಾನು ದಾವಣಗೆರೆಯವಳು, ಮದುವೆಯಾಗಿ ಅನಂತಪುರದಲ್ಲಿ ಹನ್ನೊಂದು ವರ್ಷ. ಕನ್ನಡದಲ್ಲೇ ಬರೆಯೋದು ಒಳ್ಳೆಯದು. ನಿಮ್ಮಿಬ್ಬರ ಸ್ನೇಹದ ಭಾಷೆ ಅದು. ಆದರೆ ಈ ಡ್ರಾಫ್ಟ್ ಮಾತ್ರ ಬೇಡಪ್ಪ.

ಬೇಜಾರು ಮಾಡಿಕೊಳ್ಳಬೇಡಿ, ಬಿಡಿಸಿ ಹೇಳುತ್ತೇನೆ. ಅತ್ತೆ ಅಂದಿದ್ದಕ್ಕೆ ಬೇಜಾರಿಲ್ಲ ಅಂತ ಅವಳೇ ಬರೆದಿದ್ದಾಳೆ. ನೀವು ಅತ್ತೆ ಪರವಾಗಿ ಎರಡು ಸಾಲು ಬರೆದಿದ್ದೀರಿ. ಅವಳ ದೂರು ನೀವು ಸುಮ್ನೆ ನಿಂತಿದ್ದು. ಅದರ ಬಗ್ಗೆ ಒಂದಕ್ಷರ ಇಲ್ಲ. "ಏನೋ ಆಗಿಹೋಯಿತು" ಅಂತೆ. ಮಳೆ ಬಂದ ಹಾಗೆ.

ಆಮೇಲೆ "ನಮ್ಮ ಮನೆಯವರಿಗೆಲ್ಲ ನೀನು ಅಂದ್ರೆ ಇಷ್ಟ". ಮೇಷ್ಟ್ರು ಹೇಳಿದ್ದನ್ನು ಓದಿದ ಮೇಲೆ ಈ ಸಾಲನ್ನು ಇನ್ನೊಮ್ಮೆ ನೋಡಿ. ಒಂದು ಕಡೆ ನಿಮ್ಮ ಮನೆಯವರೆಲ್ಲ, ಇನ್ನೊಂದು ಕಡೆ ಅವಳು ಒಬ್ಬಳೇ. ಇದು ಪಕ್ಕಾ ಮೇಮು. ಅವಳು ಯಾವುದಕ್ಕೆ ನೊಂದಳೋ ಅದನ್ನೇ ಕ್ಷಮೆಯಲ್ಲಿ ಮತ್ತೆ ಹೇಳಿದ ಹಾಗಾಯಿತು.

ಮಲ್ಲಿಗೆಮೊಗ್ಗು

ಇದು ನನಗೆ ಹೊಳೆದೇ ಇರಲಿಲ್ಲ. ಅದೇ ಚೆನ್ನಾಗಿರೋ ಸಾಲು ಅಂದುಕೊಂಡಿದ್ದೆ.

ವಕೀಲರ ಮಗ

"ನೋವಾಗಿದ್ದರೆ" ಅನ್ನೋದನ್ನು ಮೊದಲು ತೆಗೆಯಿರಿ. ಅವಳು ನೋವಾಗಿದೆ ಅಂತ ಬರೆದಾಯಿತು, ಇನ್ನು "ರೆ" ಎಲ್ಲಿಂದ ಬಂತು? ನಮ್ಮಪ್ಪ ನೋಟಿಸಿಗೆ ಉತ್ತರ ಬರೆಯುವಾಗ ಹೀಗೇ ಬರೆಯುತ್ತಾರೆ. ಆಗಿದ್ದರೆ, ಇದ್ದಲ್ಲಿ, ಪಕ್ಷದಲ್ಲಿ.

ಹಾಗೇ "ತಪ್ಪಾಯ್ತು" ಅಂತಲೂ ಬೇಡ. ತಪ್ಪು ತಾನೇ ಆಯಿತಾ? "ತಪ್ಪು ಮಾಡಿದೆ" ಅನ್ನಿ.

ಅನು ಹುಬ್ಬಳ್ಳಿ

"ರೆ" ಬಗ್ಗೆ ಒಪ್ಪುತ್ತೇನೆ. ತಪ್ಪಾಯ್ತು ಬಗ್ಗೆ ಖಂಡಿತ ಇಲ್ಲ. "ತಪ್ಪಾತು" ಅಂತ ನಮ್ಮ ಕಡೆ ಅಂದರೆ ಅದು ತಲೆ ಬಗ್ಗಿಸಿದ ಹಾಗೆ. ದೇವರ ಮುಂದೆ ಗಲ್ಲ ಗಲ್ಲ ಬಡಕೊಂಡು ಅನ್ನೋದು ಅದನ್ನೇ. "ನಾನು ತಪ್ಪು ಮಾಡಿದೆ" ಅನ್ನೋದು ಹೆಡ್‌ಮಾಸ್ತರರಿಗೆ ಬರೆದುಕೊಟ್ಟ ಚೀಟಿ. ಗೆಳತಿಗೆ ಹಾಗೆ ಯಾರು ಬರೀತಾರೆ?

ವಕೀಲರ ಮಗ

ಬಾಯಲ್ಲಿ ಅಂದರೆ ಸರಿ. ದನಿ ಇರುತ್ತೆ, ಮುಖ ಇರುತ್ತೆ. ಮೆಸೇಜಲ್ಲಿ "ತಪ್ಪಾಯ್ತು ಕಣೇ" ಅಂದರೆ ಕಾಲು ತುಳಿದಾಗ ಅಂದ ಹಾಗಿರುತ್ತೆ.

ಅನು ಹುಬ್ಬಳ್ಳಿ

ಕಾಲು ತುಳಿದರೆ ಎಲ್ಲರೂ ಈಗ ಸಾರಿ ಅಂತಾರೆ. ತಪ್ಪಾಯ್ತು ಅನ್ನೋದನ್ನ ದೊಡ್ಡದಕ್ಕೇ ಇಟ್ಟುಕೊಂಡಿದ್ದೀವಿ.

ಪಾವಗಡದ ಮೇಷ್ಟ್ರು

ನೀವಿಬ್ಬರೂ ಜಗಳ ಮುಂದುವರಿಸಿ. ನನ್ನದೊಂದು ಮಾತು. ತೆಲುಗಲ್ಲೂ ತಪ್ಪಯಿಂದಿ ಅಂತ ಇದೆ, ಅದೇ ರೀತಿ, ಅದೇ ಸಂದರ್ಭಕ್ಕೆ. ಹಾಗಾಗಿ ತಪ್ಪಾಯ್ತು ಅಂದರೆ ಆ ಹುಡುಗಿಯ ಕಿವಿಗೆ ನೇರ ಹೋಗುತ್ತೆ. ಆದರೆ ಅದರ ಹಿಂದೆ ಏನು ತಪ್ಪು ಅಂತ ಒಂದು ಸಾಲು ಇರಲಿ. ತಪ್ಪು ಅನ್ನೋ ಪದಕ್ಕಿಂತ "ನಾನು ಬಾಯಿ ಬಿಡಲಿಲ್ಲ" ಅನ್ನೋದು ಮುಖ್ಯ.

ಅನಂತಪುರದ ಸೊಸೆ

ಇನ್ನೊಂದು ನೋಡಿದಿರಾ? ಎಲ್ಲ ಬರೆದು ಕೊನೆಗೆ "ಪಂಪಿಂಚಂಡಿ" ಅಂದಿದ್ದಾಳೆ. ಕಳಿಸಿರಿ ಅಂತ ಬಹುವಚನ. ನಾಲ್ಕು ವರ್ಷದ ಗೆಳತಿಗೆ "ಅಂಡಿ" ಹಚ್ಚಿದರೆ ಅದು ಮಂಜುಗಡ್ಡೆ. ನನ್ನ ನಾದಿನಿ ಕೋಪ ಬಂದರೆ ನನಗೆ "ರಂಡಿ, ಕೂರ್ಚೋಂಡಿ" ಅಂತಾಳೆ. ಅವತ್ತು ಮನೆಯಲ್ಲಿ ಕಾಫಿ ಕೂಡ ಸಿಗಲ್ಲ. ಮೊದಲಿಂದಲೂ "ಮೀ ಅವಸರಂ", "ಮೀ ಅತ್ತ" ಅಂತ ದೂರ ಇಟ್ಟೇ ಬರೆದಿದ್ದಾಳೆ.

ಪಾವಗಡದ ಮೇಷ್ಟ್ರು

ಅಷ್ಟು ಅವಸರ (ಕನ್ನಡದ್ದು) ಬೇಡಮ್ಮ. "ಮೀ ಅತ್ತ" ದೂರ ಇಟ್ಟಿದ್ದಲ್ಲ. ತೆಲುಗಲ್ಲಿ ಚಿಕ್ಕ ಮಗುವಿಗೂ "ಮೀ ಅಮ್ಮ" ಅನ್ನೋದೇ. ನಾವೂ ಮಗುವಿಗೆ "ನಿಮ್ಮಮ್ಮ ಎಲ್ಲಿ ಪುಟ್ಟಾ" ಅಂತೀವಲ್ಲ, ಹಾಗೆ. "ಮೀ ಅವಸರಂ" ಕೂಡ ನಿಮ್ಮ ಮನೆಯ ಅಗತ್ಯ ಅಂತ ಇರಬಹುದು. ಮದುವೆ ಮನೆಯದು ತಾನೇ.

ನೋಡಬೇಕಾದ್ದು ನಡುವಿನ ಸಾಲು. "ನುವ್ವು ಊರಿಕೇ ನಿಲಬಡ್ಡಾವು." ಅಲ್ಲಿ ನೀನು ಅಂದಿದ್ದಾಳೆ. ಮನೆಯವರಿಗೆ ಬಹುವಚನ, ಇವರೊಬ್ಬರಿಗೆ ಏಕವಚನ. ಸಿಟ್ಟು ನೀನು ಅನ್ನುವವರ ಮೇಲೇ ಬರೋದು. ಆಪಿನಲ್ಲಿ ಇದೂ ಹೋಗಿರುತ್ತೆ. ಇಂಗ್ಲಿಷ್ ಮೂಲಕ ಹಾದು ಬಂದರೆ ನುವ್ವು, ಮೀರು ಎರಡೂ ಒಂದೇ ಆಗುತ್ತೆ. ಮಲ್ಲಿಗೆಮೊಗ್ಗು ಅವರೇ, ಆಪಿನಲ್ಲಿ ಆ ಸಾಲು ಹೇಗೆ ಬಂದಿದೆ?

ಮಲ್ಲಿಗೆಮೊಗ್ಗು

"ನೀವು ಸುಮ್ಮನೆ ನಿಂತಿದ್ದೀರಿ, ಅದು ನೋವು." ಎಲ್ಲ ಕಡೆ ನೀವು ನೀವು ಅಂತಲೇ ಇದೆ. ನನಗೆ ಅದೇ ಜಾಸ್ತಿ ಹೆದರಿಕೆ ಆಗಿತ್ತು.

ಅನಂತಪುರದ ಸೊಸೆ

ಸರಿ ಮೇಷ್ಟ್ರೇ, ನಡುವಿನ ಸಾಲು ಒಪ್ಪಿದೆ. ಆದರೆ ಕೊನೆಯ ಅಂಡಿ? ಡಬ್ಬಿ ಕಳಿಸೋದು ಇವರೊಬ್ಬರೇ ತಾನೇ. ಮನೆಯವರೆಲ್ಲ ಸೇರಿ ಮೂರು ಡಬ್ಬಿ ಕಳಿಸಲ್ಲವಲ್ಲ.

ಪಾವಗಡದ ಮೇಷ್ಟ್ರು

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬರೆಯುತ್ತಾ ಬರೆಯುತ್ತಾ ಸಿಟ್ಟು ಏರಿರಬಹುದು.

ಬೆಂಗ್ಳೂರ್ ಮಾವ

ನನ್ನ ತಪ್ಪು ಒಪ್ಪಿಕೊಂಡೆ, ಅವಸರಂ ವಿಚಾರದಲ್ಲಿ. ಆದರೂ ಕೇಳುತ್ತೇನೆ, ಇಷ್ಟೆಲ್ಲ ಯಾಕೆ? ಫೋನ್ ಎತ್ತಿ ಮಾತಾಡಿದರೆ ಐದು ನಿಮಿಷದ ಕೆಲಸ.

ಮಲ್ಲಿಗೆಮೊಗ್ಗು

ಮಾಡಿದೆ ಮಾವ. ಎರಡು ಸಲ ರಿಂಗ್ ಆಗಿ ನಿಂತಿತು. ಮೂರನೇ ಸಲ ಮಾಡೋಕೆ ಧೈರ್ಯ ಬರಲಿಲ್ಲ.

ಅನು ಹುಬ್ಬಳ್ಳಿ

ಬರೆದೇ ಕಳಿಸಿ. ಓದಿ, ಬೈದು, ಮತ್ತೆ ಓದೋಕೆ ಆಗುತ್ತೆ. ಮತ್ತೆ ಆ ಕೊರಿಯರ್ ಮಾತು ತೆಗೆಯಿರಿ ಯವ್ವಾ. ಅವರ ಅಮ್ಮ ಕಜ್ಜಾಯ ತುಂಬಿ ಕಳಿಸಿದ ಡಬ್ಬಿ. ಖಾಲಿ ಡಬ್ಬಿ, ಅದೂ ಕೊರಿಯರಿನಲ್ಲಿ! ನಿಮ್ಮ ಲೆಕ್ಕ ಚುಕ್ತಾ ಅಂದ ಹಾಗೆ.

ಮಲ್ಲಿಗೆಮೊಗ್ಗು

"ಎಪ್ಪುಡೈನಾ" ಅಂದಿದ್ದಾಳಲ್ಲ, ಬೇಗ ಕಳಿಸಿದರೆ ಖುಷಿ ಆಗುತ್ತೆ ಅಂದುಕೊಂಡೆ.

ಪಾವಗಡದ ಮೇಷ್ಟ್ರು

"ತೊಂದರೇಂ ಲೇದು", ಅವಸರ ಏನಿಲ್ಲ, ಯಾವಾಗಲಾದರೂ ಕಳಿಸಿ. ಅದರ ಹಿಂದೆ "ಪರವಾಲೇದುಲೇ". ಬರೀ ಪರವಾಲೇದು ಅಂದರೆ ಪರವಾಗಿಲ್ಲ. ಕೊನೆಗೆ ಒಂದು "ಲೇ" ಸೇರಿದರೆ "ಹೋಗಲಿ ಬಿಡು". ಪರವಾಗಿದೆ ಅಂತಲೇ ಅರ್ಥ.

ಈಗ ಬರೆಯೋದು ಹೇಗೆ ಅಂತ. ಅವಳು ಕನ್ನಡ ನಿಧಾನ ಓದುತ್ತಾಳೆ ಅಂದಿರಿ. ಚಿಕ್ಕ ವಾಕ್ಯ ಹಾಕಿ. ತೆಲುಗು ಓದುವವರಿಗೆ ನಮ್ಮ ಅಕ್ಷರ ಬಹುಪಾಲು ಸಿಗುತ್ತೆ, ತಲಕಟ್ಟು ಬೇರೆ ಅಷ್ಟೇ. ಕ, ತ, ಶ ಇಂಥವು ಸ್ವಲ್ಪ ತಡೆಯುತ್ತವೆ. "ಕ್ಷಮೆ ಯಾಚಿಸುತ್ತೇನೆ" ಸಿಗದ ಮಾತೇನಲ್ಲ, ಆದರೆ ಅದು ಪೇಪರಿನಲ್ಲಿ ಬರೋ ಮಾತು. ನೀವು ರೂಮಿನಲ್ಲಿ ಮಾತಾಡುತ್ತಿದ್ದ ಹಾಗೆ ಬರೆಯಿರಿ.

ಮಲ್ಲಿಗೆಮೊಗ್ಗು

ಮನಂ ಅನ್ನೋದಕ್ಕೆ ಕನ್ನಡದಲ್ಲಿ ಏನಂತ ಬರೆಯಲಿ? "ನಾವೆಲ್ಲ"?

ವಕೀಲರ ಮಗ

ಮನಂ ಅಂತಲೇ ಬರೆಯಿರಿ. ಅವಳ ಪದ, ನಿಮಗೆ ಅರ್ಥ ಆಗಿದೆ ಅಂತ ಗೊತ್ತಾಗುತ್ತೆ.

ಅನಂತಪುರದ ಸೊಸೆ

ನಂಗ್ಯಾಕೋ ಬೇಡ ಅನಿಸುತ್ತೆ. ಅವಳು ಅತ್ತುಕೊಂಡು ಬರೆದ ಪದ ಅದು. ನಿನ್ನೆ ಇಲ್ಲಿ ಕಲಿತು ಇವತ್ತು ಅವಳಿಗೇ ವಾಪಸ್ ಹೇಳಿದರೆ ಬಾಯಿಪಾಠ ಒಪ್ಪಿಸಿದ ಹಾಗಾಗಲ್ವಾ?

ಪಾವಗಡದ ಮೇಷ್ಟ್ರು

ಕನ್ನಡದಲ್ಲಿ ಪದ ಇಲ್ಲ ಅಂದೆ, ದಾರಿ ಇಲ್ಲ ಅನ್ನಲಿಲ್ಲ. "ಹೋಗೋಣ, ಮಾಡೋಣ, ತಿನ್ನೋಣ" ಅನ್ನುತ್ತೀವಲ್ಲ, ಆ "ಓಣ" ಬಂದರೆ ಎದುರಿನವರು ಸಾಮಾನ್ಯವಾಗಿ ಒಳಗೇ ಇರುತ್ತಾರೆ. "ನಾವು ಹೋಗುತ್ತೀವಿ" ಅಂದರೆ ನೀವು ಉಂಟೋ ಇಲ್ಲವೋ ಗೊತ್ತಾಗಲ್ಲ. "ಹೋಗೋಣ" ಅಂದರೆ ಚಪ್ಪಲಿ ಹಾಕಿಕೊಳ್ಳಬಹುದು. ಕರಾವಳಿಯವರ ಅಮ್ಮನಿಗೆ ಕೇಳಿ. ಅಂಥ ಒಂದು ವಾಕ್ಯ ಬರುವ ಹಾಗೆ ನೋಡಿಕೊಳ್ಳಿ, ಸಾಕು.

ಕರಾವಳಿ ಹುಡುಗ

😂 ಅಮ್ಮನಿಗೆ ಓದಿ ಹೇಳಿದೆ. "ಆ ಮೇಷ್ಟ್ರು ಸರಿ ಇದ್ದಾರೆ" ಅಂದರು.

ಮಲ್ಲಿಗೆಮೊಗ್ಗು

ರಾತ್ರಿ ಕೂತು ಬರೆದೆ. ನೋಡಿ.

"ನಿನ್ನ ಮೆಸೇಜ್ ನನಗೆ ಮೊದಲು ಅರ್ಥ ಆಗಲಿಲ್ಲ. ಅವಸರಂ ಅಂದ್ರೆ ಕನ್ನಡದ ಅವಸರ ಅಂದ್ಕೊಂಡೆ. ಅದಕ್ಕೇ ನಗುನಗುತಾ ಆ ಉತ್ತರ ಕಳಿಸಿದೆ. ಯಾರನ್ನಾದ್ರೂ ಕೇಳಬೇಕಿತ್ತು, ಕೇಳಲಿಲ್ಲ.

ಈಗ ಪೂರ್ತಿ ಅರ್ಥ ಆಗಿದೆ. ಅತ್ತೆ ಹೊರಗಿನವರು ಅಂದಾಗ ನಾನು ನಿನ್ನ ಪಕ್ಕದಲ್ಲೇ ಇದ್ದೆ. ನಿನ್ನ ಕೈ ಹಿಡಿದು ನಿಲ್ಲಿಸಬಹುದಿತ್ತು. ಬಾಯಿ ಬಿಡಲಿಲ್ಲ. ನೀನು ಇಳಿದು ಹೋಗೋದನ್ನ ನೋಡ್ತಾ ನಿಂತೆ. ತಪ್ಪಾಯ್ತು ಕಣೇ. ಅದು ನನ್ನ ತಪ್ಪು, ಅತ್ತೆದಲ್ಲ.

ಆಮೇಲೆ ಒಂಬತ್ತು ದಿನ ಫೋನ್ ಮಾಡಲಿಲ್ಲ. ಕೆಲಸ ಇತ್ತು ಅಂತ ಸುಳ್ಳು ಹೇಳಲ್ಲ. ಏನು ಹೇಳಲಿ ಅಂತ ಗೊತ್ತಾಗಲಿಲ್ಲ.

ತಂಗಿ ಮದುವೆ ಫೋಟೋದಲ್ಲಿ ನೀನಿಲ್ಲ. ಅದನ್ನ ಸರಿ ಮಾಡೋಕೆ ಆಗಲ್ಲ.

ಡಬ್ಬಿ ಕೊರಿಯರ್ ಮಾಡಲ್ಲ. ಈ ಭಾನುವಾರ ನಾನೇ ಹಿಂದೂಪುರಕ್ಕೆ ತರ್ತೀನಿ. ಕೂತು ಮಾತಾಡೋಣ. ಬೈಬೇಕು ಅನ್ಸಿದ್ರೆ ತೆಲುಗಲ್ಲೇ ಬೈ. ಬರಬೇಡ ಅಂದ್ರೆ ಹೇಳು, ಬರಲ್ಲ."

ಅನು ಹುಬ್ಬಳ್ಳಿ

ತಪ್ಪಾಯ್ತು ಬಂತು! ವಕೀಲರ ಮಗ ಎಲ್ಲಿ?

ವಕೀಲರ ಮಗ

ಕೆಳಗೆ "ನನ್ನ ತಪ್ಪು" ಅಂತಲೂ ಇದೆ. ಡ್ರಾ ಅನ್ನಿ.

"ಫೋಟೋದಲ್ಲಿ ನೀನಿಲ್ಲ" ಅನ್ನೋ ಸಾಲು ಬೇಕಾ? ಗಾಯ ಕೆರೆದ ಹಾಗೆ.

ಮಲ್ಲಿಗೆಮೊಗ್ಗು

ಅದನ್ನು ಎರಡು ಸಲ ಅಳಿಸಿ ಎರಡು ಸಲ ಬರೆದೆ. ಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂದ ಹಾಗಿರುತ್ತೆ. ಇರಲಿ ಅನಿಸಿತು.

ಅನಂತಪುರದ ಸೊಸೆ

ಇರಲಿ. ಒಂದೇ ತಿದ್ದುಪಡಿ. "ಯಾರನ್ನಾದ್ರೂ ಕೇಳಬೇಕಿತ್ತು" ಅಂದರೆ ಅವಳ ಖಾಸಗಿ ಮಾತನ್ನು ಬೇರೆಯವರಿಗೆ ತೋರಿಸಬೇಕಿತ್ತು ಅಂತ ಆಗುತ್ತೆ. "ನಿನ್ನನ್ನೇ ಕೇಳಬೇಕಿತ್ತು" ಅನ್ನಿ. (ನಮಗೆಲ್ಲ ತೋರಿಸಿದ್ದೀರಿ, ಅದು ಬೇರೆ ವಿಷಯ. ಸಿಕ್ಕಾಗ ಅದನ್ನೂ ಹೇಳಿಬಿಡಿ.)

ಮಲ್ಲಿಗೆಮೊಗ್ಗು

ಬದಲಾಯಿಸಿ ಕಳಿಸಿದೆ. ಬೆಳಿಗ್ಗೆ 7 ಗಂಟೆಗೆ. ನೀಲಿ ಟಿಕ್ ಬಿದ್ದಿದೆ.

ಮಲ್ಲಿಗೆಮೊಗ್ಗು

ಉತ್ತರ ಬಂತು, ಮಧ್ಯಾಹ್ನ. ಮತ್ತೆ ತೆಲುಗಲ್ಲೇ. ಇಷ್ಟೇ:

"ಆದಿವಾರಂ ಮೇಮು ಊರ್ಲೋ ಉಂಡಂ. ವಚ್ಚೇ ವಾರಂ ಚೂದ್ದಾಂ."

ಮೇಷ್ಟ್ರೇ, ಮತ್ತೆ ಮೇಮು! ಕೈಕಾಲು ನಡುಗುತ್ತಿದೆ.

ಬೆಂಗ್ಳೂರ್ ಮಾವ

ಉಂಡಂ? ಊಟ ಆಯಿತು ಅಂತಾಳಾ? ಹಳಗನ್ನಡದಲ್ಲಿ "ಉಂಡಂ" ಅಂದರೆ ಉಂಡನು.

ಪಾವಗಡದ ಮೇಷ್ಟ್ರು

ಮಾವನವರೇ, ದಯವಿಟ್ಟು. ಉಂಡಂ ಅಂದರೆ ಇರಲ್ಲ. ಊರ್ಲೋ ಅಂದರೆ ಈ ಸಲ ನಿಜವಾಗಿಯೂ ಊರಲ್ಲಿ.

"ಭಾನುವಾರ ನಾವು ಊರಲ್ಲಿ ಇರಲ್ಲ. ಬರೋ ವಾರ ನೋಡೋಣ."

ಮೇಮುಗೆ ಹೆದರಬೇಡಿ. ಇಲ್ಲಿ ಅದು ಬರೀ ವ್ಯಾಕರಣ. ಅವಳ ಮನೆಯವರು ಎಲ್ಲೋ ಹೋಗುತ್ತಿದ್ದಾರೆ, ನೀವು ಅದರಲ್ಲಿ ಇಲ್ಲ. ಬೇರೆ ಪದ ಹಾಕೋಕೆ ಆಗಲ್ಲ. ಮನಂ ಅಂದಿದ್ದರೇ ತಪ್ಪಾಗುತ್ತಿತ್ತು.

ಚೂದ್ದಾಂ ನೋಡಿ. ನಮ್ಮ ನೋಡೋಣ. ತೆಲುಗಿನ ಆ "ದಾಂ" ನಮ್ಮ "ಓಣ" ಇದ್ದ ಹಾಗೆ.

ಅನಂತಪುರದ ಸೊಸೆ

ಚೂದ್ದಾಂ ಅಂತ ನಮ್ಮ ಮನೆಯವರೂ ಅಂತಾರೆ, ಸೀರೆ ಕೇಳಿದಾಗ. ಹಾಗಂದ ಮೇಲೆ ಬಂದ ಸೀರೆ ಎಷ್ಟು ಅಂತ ಕೇಳಬೇಡಿ.

ಪಾವಗಡದ ಮೇಷ್ಟ್ರು

ಅದೂ ಇದೆ. ಕನ್ನಡದ ನೋಡೋಣಕ್ಕೂ ಎರಡು ಮುಖ. ಸರಿ ಅಂತಲೂ ಆಗುತ್ತೆ, ತಳ್ಳಿಹಾಕೋದೂ ಆಗುತ್ತೆ. ಎರಡು ಸಾಲಿನಲ್ಲಿ ನುವ್ವು, ಮೀರು ಯಾವುದೂ ಇಲ್ಲ, ಬೇಕಂತಲೇ ತಪ್ಪಿಸಿದ ಹಾಗೆ. "ಬರಬೇಡ" ಅಂತ ಮಾತ್ರ ಬರೆದಿಲ್ಲ.

ಮಲ್ಲಿಗೆಮೊಗ್ಗು

"ಸರಿ ಕಣೇ, ಮುಂದಿನ ವಾರ ನಾನೇ ಕೇಳ್ತೀನಿ" ಅಂತ ಕಳಿಸಿದೆ. ನಗುವ ಮುಖ ಹಾಕಲಿಲ್ಲ.

ಡಬ್ಬಿಗೆ ಏನು ತುಂಬಲಿ? ಮೂರು ಇವೆ, ದೊಡ್ಡವು. ಅವಳಿಗೆ ಕೊಬ್ಬರಿ ಹಾಕಿದ್ದು ಆಗಲ್ಲ.

ಅನು ಹುಬ್ಬಳ್ಳಿ

ಒಂದರಲ್ಲಿ ಶೇಂಗಾ ಹೋಳಿಗೆ. ವಾರ ಇಟ್ಟರೂ ಕೆಡಲ್ಲ, ಚೂದ್ದಾಂ ಎಷ್ಟು ದಿನ ಆಗುತ್ತೋ ಗೊತ್ತಿಲ್ಲವಲ್ಲ.